ತಪ್ಪು ರೇಟ್ ಮೇಲ್‌ನಲ್ಲಿ ಹೋಗಿಬಿಟ್ಟಿದೆ, ಈಗ ಏನು ಬರೆಯೋದು?

[ಕ್ಯಾಮೆರಾ ಮುಂದೆ ಮಾತು. ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಒಂದು ಬಟ್ಟಲು ತೊಗರಿ ಬೇಳೆ.]

ನಮಸ್ಕಾರ್ರೀ. ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ಬೆಂಗಳೂರಿನ ಹೋಲ್‌ಸೇಲ್ ವ್ಯಾಪಾರಿ ಒಬ್ಬರಿಗೆ 80 ಕ್ವಿಂಟಲ್ ತೊಗರಿ ಬೇಳೆಯ ಕೊಟೇಶನ್ ಕಳಿಸಿದೆ. ಕ್ವಿಂಟಲ್‌ಗೆ 11,850 ರೂಪಾಯಿ ಅಂತ ಇರಬೇಕಿತ್ತು. ನಾನು ಹೊಡೆದದ್ದು 11,580.

[ಸ್ಕ್ರೀನ್ ಮೇಲೆ ಎರಡೂ ಅಂಕಿ. 8 ಮತ್ತು 5 ಮಾತ್ರ ಕೆಂಪು ಬಣ್ಣದಲ್ಲಿ.]

ಕ್ವಿಂಟಲ್‌ಗೆ 270 ರೂಪಾಯಿ ಕಡಿಮೆ. 80 ಕ್ವಿಂಟಲ್‌ಗೆ 21,600. ಆಗ ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ!

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ರಿಜಿಸ್ಟರ್‌ನಲ್ಲಿ ಬರೆಯುವಾಗ ಒಟ್ಟು ಮೊತ್ತ ತಾಳೆ ಆಗಲಿಲ್ಲ. ವ್ಯತ್ಯಾಸ 21,600. ಅದು 9ರಿಂದ ಸರಿಯಾಗಿ ಭಾಗವಾಗುತ್ತದೆ. ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 9ರಿಂದ ಭಾಗವಾದ ಮಾತ್ರಕ್ಕೆ ಅದಲುಬದಲೇ ಆಗಿದೆ ಅಂತಲ್ಲ, ಆದರೆ ಮೊದಲು ಹುಡುಕಬೇಕಾದ ಜಾಗ ಅದು.

ಮೇಲ್ ಹೋಗಿ ಅರ್ಧ ಗಂಟೆ ಆಗಿತ್ತು. ಜಿಮೇಲ್‌ನಲ್ಲಿ Undo ಸಿಗೋದು ಹೆಚ್ಚೆಂದರೆ 30 ಸೆಕೆಂಡ್. ಅದೂ ಸೆಟ್ಟಿಂಗ್‌ನಲ್ಲಿ ನೀವೇ 30 ಅಂತ ಇಟ್ಟುಕೊಂಡಿದ್ದರೆ ಮಾತ್ರ. ಇಲ್ಲದಿದ್ದರೆ ಐದೇ ಸೆಕೆಂಡ್. ಔಟ್‌ಲುಕ್‌ನ Recall ನಿಮ್ಮದೇ ಸಂಸ್ಥೆಯ ಒಳಗಿನ ಮೇಲ್‌ಗಷ್ಟೇ. ಹೊರಗಿನ ವ್ಯಾಪಾರಿಯ ಜಿಮೇಲ್‌ನಿಂದ ಅದು ಏನನ್ನೂ ವಾಪಸ್ ತರಲ್ಲ.

ಹಾಗಾಗಿ ಇನ್ನೊಂದು ಮೇಲ್ ಬರೆದೆ. ಅದನ್ನು ಓದುತ್ತೇನೆ, ನಗಬೇಡಿ.

[ಸ್ಕ್ರೀನ್ ಮೇಲೆ]
"ಮಾನ್ಯರೇ, ಮೊದಲಿಗೆ ತಮ್ಮಲ್ಲಿ ಅನಂತ ಕ್ಷಮೆ ಯಾಚಿಸುತ್ತೇನೆ. ಕೆಲಸದ ಒತ್ತಡದಲ್ಲಿ ಕಣ್ತಪ್ಪಿನಿಂದ ಕೊಟೇಶನ್‌ನಲ್ಲಿ ಸಣ್ಣ ವ್ಯತ್ಯಾಸ ಉಂಟಾಗಿರುತ್ತದೆ. ತಮಗಾದ ತೊಂದರೆಗೆ ವಿಷಾದಿಸುತ್ತಾ, ಅನ್ಯಥಾ ಭಾವಿಸಬಾರದೆಂದು ಕೋರುತ್ತೇನೆ..."

ಹೀಗೇ ಇನ್ನೂ ಆರು ಸಾಲು. ಸರಿಯಾದ ರೇಟ್ ಎಲ್ಲಿತ್ತು? ಅಟ್ಯಾಚ್‌ಮೆಂಟ್ ಒಳಗೆ. ಐದು ನಿಮಿಷಕ್ಕೆ ಅವರ ಫೋನ್ ಬಂತು. "ಏನಾಯ್ತ್ರೀ? ಮಾಲು ಇಲ್ವಾ?" ಅಂದರು.

ಅವರದ್ದೇನೂ ತಪ್ಪಿಲ್ಲ. ಅಂಗಡಿಯಲ್ಲಿ ಗಿರಾಕಿ ಮುಂದೆ ನಿಂತವರು ಮೇಲ್ ಪೂರ್ತಿ ತೆರೆಯಲ್ಲ. ಫೋನ್‌ನ ನೋಟಿಫಿಕೇಶನ್‌ನಲ್ಲಿ ಕಾಣೋದು ಮೊದಲ ಕೆಲವು ಪದಗಳು. ನನ್ನ ಮೇಲ್‌ನಲ್ಲಿ ಆ ಜಾಗವನ್ನೆಲ್ಲ ಕ್ಷಮೆಯೇ ನುಂಗಿತ್ತು. ಅಷ್ಟೊಂದು ಕ್ಷಮೆ ಕೇಳಿದ್ದಕ್ಕೆ, ದೊಡ್ಡದೇನೋ ಆಗಿದೆ ಅಂದುಕೊಂಡರು.

ಅದೇ ಮೇಲ್ ಈಗ ಹೀಗೆ ಬರೆಯುತ್ತೇನೆ.

[ಸ್ಕ್ರೀನ್ ಮೇಲೆ, ನಿಧಾನವಾಗಿ]
"ನಮಸ್ಕಾರ ಸರ್,
ಸರಿಯಾದ ರೇಟ್ ಕ್ವಿಂಟಲ್‌ಗೆ ₹11,850. ಇವತ್ತು ಮಧ್ಯಾಹ್ನ 2:10ರ ಕೊಟೇಶನ್‌ನಲ್ಲಿ ₹11,580 ಎಂದು ತಪ್ಪಾಗಿ ಬರೆದಿದ್ದೇನೆ.
80 ಕ್ವಿಂಟಲ್‌ಗೆ ಒಟ್ಟು ₹9,48,000 (ಮೊದಲು ಬರೆದದ್ದು ₹9,26,400). ಪ್ಯಾಕಿಂಗ್, ಲಾರಿ ಬಾಡಿಗೆ, ಪೇಮೆಂಟ್ ಷರತ್ತು ಬದಲಾಗಿಲ್ಲ.
ತಿದ್ದಿದ ಕೊಟೇಶನ್ ಜೊತೆಗಿದೆ. ದಯವಿಟ್ಟು ಇದನ್ನೇ ಬಳಸಿ. ತಪ್ಪಿಗೆ ಕ್ಷಮೆ ಇರಲಿ."

ಸರಿಯಾದ ಅಂಕಿ ಮೊದಲು, ತಪ್ಪಿದ್ದು ಆಮೇಲೆ. ಅವಸರದಲ್ಲಿ ನೋಡುವವರು ಮೊದಲು ಕಂಡ ಅಂಕಿಯನ್ನೇ ಹಿಡಿದುಕೊಳ್ಳುತ್ತಾರೆ. ತಪ್ಪು ಅಂಕಿಯನ್ನೂ ಬರೆಯಲೇಬೇಕು. ಇಲ್ಲದಿದ್ದರೆ ಯಾವುದು ಬದಲಾಯಿತು ಅಂತ ಅವರು ಎರಡು ಪಿಡಿಎಫ್ ಪಕ್ಕಪಕ್ಕ ಇಟ್ಟು ಹುಡುಕಬೇಕು.

"ಷರತ್ತು ಬದಲಾಗಿಲ್ಲ" ಅನ್ನುವ ಸಾಲನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಒಂದು ಅಂಕಿ ತಪ್ಪಿದೆ ಅಂದಕೂಡಲೇ ಓದುವವರಿಗೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ ಅಲ್ವಾ? ಆ ಸಾಲು ಅದಕ್ಕೆ ಉತ್ತರ. ಆದರೆ ಪೂರ್ತಿ ಕೊಟೇಶನ್ ಮತ್ತೆ ನೋಡಿದ ಮೇಲೆಯೇ ಅದನ್ನು ಬರೆಯಿರಿ. ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ ಕಳಿಸೋದಿದೆಯಲ್ಲ, ಅದರಷ್ಟು ಮುಜುಗರ ಬೇರೆ ಇಲ್ಲ.

ಕ್ಷಮೆ ಒಂದೇ ಸಲ, ಕೊನೆಯಲ್ಲಿ. "ಉಂಟಾಗಿರುತ್ತದೆ" ಅನ್ನೋದು ನಮ್ಮ ಕಚೇರಿ ಕನ್ನಡದ ಚಟ. ತಪ್ಪು ತಾನೇ ನಡೆದುಕೊಂಡು ಬಂದ ಹಾಗೆ ಕೇಳಿಸುತ್ತದೆ. "ಬರೆದಿದ್ದೇನೆ" ಅಂದರೆ ಒಂದೇ ಪದದಲ್ಲಿ ಒಪ್ಪಿಕೊಂಡ ಹಾಗಾಯಿತು. ಆಮೇಲೆ ಕೆಲಸದ ಒತ್ತಡ, ಕರೆಂಟ್ ಹೋಗಿದ್ದು ಯಾವುದೂ ಬೇಕಾಗಲ್ಲ.

[ಸ್ಕ್ರೀನ್ ರೆಕಾರ್ಡಿಂಗ್: Sent ಫೋಲ್ಡರ್]

ಕಳಿಸುವ ರೀತಿ ನೋಡಿ. Sent ಒಳಗೆ ಹೋಗಿ ನಿಮ್ಮದೇ ಹಳೇ ಮೇಲ್ ತೆರೆಯಿರಿ, Reply all ಒತ್ತಿ. ಸಿಸಿಯಲ್ಲಿದ್ದ ಅವರ ಅಕೌಂಟೆಂಟ್‌ಗೂ ಹೋಗಬೇಕು, ಯಾಕೆಂದರೆ ದುಡ್ಡು ಹಾಕೋದು ಅವರೇ. ಸಬ್ಜೆಕ್ಟ್ ಮುಟ್ಟಬೇಡಿ. ಜಿಮೇಲ್‌ನಲ್ಲಿ ಸಬ್ಜೆಕ್ಟ್ ಬದಲಿಸಿದರೆ ಅದು ಬೇರೆಯೇ ಮೇಲ್ ಸಾಲಾಗುತ್ತದೆ. ತಪ್ಪು ಕೊಟೇಶನ್ ಒಂದು ಕಡೆ, ಸರಿಯಾದದ್ದು ಇನ್ನೊಂದು ಕಡೆ ಉಳಿಯುತ್ತದೆ.

ಫೈಲ್ ಹೆಸರು ಮಾತ್ರ ಬದಲಿಸಲೇಬೇಕು. ಎರಡಕ್ಕೂ ಒಂದೇ ಹೆಸರಿದ್ದರೆ ಡೌನ್‌ಲೋಡ್ ಆದಾಗ ಎರಡನೆಯದಕ್ಕೆ (1) ಅಂತ ಬಾಲ ಬರುತ್ತದೆ. ವಾರದ ನಂತರ ಯಾವುದು ಯಾವುದು ಅಂತ ಯಾರಿಗೆ ನೆನಪಿರುತ್ತೆ?

```
Quotation_TurDal_80Qtl.pdf
Quotation_TurDal_80Qtl_REVISED.pdf
```

ಪಿಡಿಎಫ್‌ನ ಒಳಗೂ ಮೇಲ್ಗಡೆ ಒಂದು ಸಾಲು ಹಾಕಿ: "ಇದೇ ದಿನಾಂಕದ ಹಿಂದಿನ ಕೊಟೇಶನ್ ಬದಲಿಗೆ ಇದು." ಪಿಡಿಎಫ್ ವಾಟ್ಸಾಪ್‌ನಲ್ಲಿ ಮುಂದಕ್ಕೆ ಹೋಗುತ್ತದೆ, ನಿಮ್ಮ ಮೇಲ್ ಹಿಂದೆಯೇ ಉಳಿಯುತ್ತದೆ.

[ಕ್ಯಾಮೆರಾ ಹತ್ತಿರಕ್ಕೆ]

ಇಷ್ಟೆಲ್ಲ ನಡೆಯೋದು ಅವರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ ಅಂದರೆ ಮಾತ್ರ. 1872ರ ಭಾರತೀಯ ಕರಾರು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಆ ಕಡೆಯವರು ಒಪ್ಪಿಗೆ ಕಳಿಸುವ ಮೊದಲು ನಿಮ್ಮ ಪ್ರಸ್ತಾಪವನ್ನು ವಾಪಸ್ ತೆಗೆದುಕೊಳ್ಳಬಹುದು. "ಓಕೆ, ಕಳಿಸಿ" ಅಂತ ಬಂದ ಮೇಲೆ ಕಥೆ ಬೇರೆ. ಒಬ್ಬರದ್ದೇ ತಪ್ಪು ಅನ್ನುವ ಒಂದೇ ಕಾರಣಕ್ಕೆ ಕರಾರು ಮುರಿಯೋಕೆ ಬರಲ್ಲ ಅಂತ 22ನೇ ಸೆಕ್ಷನ್ ಹೇಳುತ್ತದೆ. ಆಗ "ಸರಿಯಾದ ರೇಟ್ ಇದು" ಅಂತ ತಿಳಿಸಿ ಸುಮ್ನೆ ಕೂರುವ ಹಾಗಿಲ್ಲ. ಮೊದಲು ಮಾಲೀಕರಿಗೆ ಹೇಳಿ. ಆಮೇಲೆ ವ್ಯಾಪಾರಿಗೆ ಫೋನ್ ಮಾಡಿ, ಒಪ್ಪುತ್ತೀರಾ ಅಂತ ಕೇಳಿ.

ನನ್ನ ವ್ಯಾಪಾರಿ ಇನ್ನೂ ಒಪ್ಪಿರಲಿಲ್ಲ. ಫೋನ್‌ನಲ್ಲೇ ರೇಟ್ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ರೇಟಿಗೆ 60 ಸಾಕು ಬಿಡ್ರಿ" ಅಂದರು.

ತಪ್ಪು ಅಟ್ಯಾಚ್‌ಮೆಂಟ್ ಹೋದರೆ? ಹಳೇ ತಿಂಗಳ ರೇಟ್ ಪಟ್ಟಿಯಂಥದ್ದಾದರೆ ಇದೇ ದಾರಿ. ಆದರೆ ಬೇರೆ ಗಿರಾಕಿಯ ರೇಟೋ, ಕೆಲಸಗಾರರ ಸಂಬಳದ ಶೀಟೋ ಹೋಗಿದ್ದರೆ ಮೊದಲು ಫೋನ್, ಆಮೇಲೆ ಮೇಲ್. ಡ್ರೈವ್ ಲಿಂಕ್ ಆಗಿದ್ದರೆ ಫೋನ್‌ಗೂ ಮೊದಲು ಶೇರಿಂಗ್ ತೆಗೆಯಿರಿ. ಆಗ ಲಿಂಕ್ ಒತ್ತಿದರೂ ಫೈಲ್ ತೆರೆಯಲ್ಲ. ಮೊದಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ಮಾತ್ರ ಅದು ಅವರ ಹತ್ತಿರವೇ ಇರುತ್ತದೆ.

[ಸ್ಕ್ರೀನ್ ಮೇಲೆ]
"ಸರ್, 4:20ರ ಮೇಲ್‌ನಲ್ಲಿರುವ ಫೈಲ್ ನಿಮಗೆ ಸೇರಿದ್ದಲ್ಲ, ತಪ್ಪಾಗಿ ಕಳಿಸಿದ್ದೇನೆ. ದಯವಿಟ್ಟು ತೆರೆಯದೆ ಡಿಲೀಟ್ ಮಾಡಿ, ಮಾಡಿದ ಮೇಲೆ ಒಂದು ಸಾಲು ತಿಳಿಸಿ. ನಿಮ್ಮ ಫೈಲ್ ಬೇರೆ ಮೇಲ್‌ನಲ್ಲಿ ಕಳಿಸುತ್ತಿದ್ದೇನೆ."

ಆ ಫೈಲ್‌ನಲ್ಲಿ ಏನಿತ್ತು ಅಂತ ಇಲ್ಲಿ ಬರೆಯಬೇಡಿ. "ಸಂಬಳದ ಶೀಟ್" ಅಂತ ನೋಡಿದ ಮೇಲೆ ತೆರೆಯದೆ ಇರುವವರು ಯಾರಿದ್ದಾರೆ ಹೇಳಿ!