ಒಂದೇ ಜಾಗ, ಏರುವ ನೀರು

ಕೇಳುಗರೇ, ನಮಸ್ಕಾರ. ಜಾನಪದ ಹಾಡಿಗೆ ಗಿಟಾರ್, ಬಾಸ್ ಸೇರಿಸಿ ಹಾಡುವ ತಂಡಗಳು ನಮ್ಮ ಜಿಲ್ಲೆಯಲ್ಲೂ ಈಗ ಹುಟ್ಟಿಕೊಳ್ಳುತ್ತಿವೆ. ಹಾಡು ರೆಕಾರ್ಡ್ ಆದ ಮೇಲೆ ಎಲ್ಲರಿಗೂ ವಿಡಿಯೋ ಬೇಕು. ಕೈಯಲ್ಲಿ ದುಡ್ಡಿಲ್ಲ. ಅಂಥವರಿಗಾಗಿಯೇ ಇವತ್ತಿನ ಮಾತು.

ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಒಂದು ಪುಟ ಬರೆಯಬೇಕು. ಸಿನಿಮಾದವರು ಅದನ್ನು ಟ್ರೀಟ್‌ಮೆಂಟ್ ಅನ್ನುತ್ತಾರೆ. ಹಾಡು ಶುರುವಾದಾಗ ತೆರೆಯ ಮೇಲೆ ಏನು ಕಾಣುತ್ತದೆ, ಮುಗಿಯುವಾಗ ಏನು ಕಾಣುತ್ತದೆ, ನಡುವೆ ಏನು ಬದಲಾಗುತ್ತದೆ ಅಂತ ಬರೆಯುವುದು, ಅಷ್ಟೇ. ನಾನು ಇವತ್ತು ಹೇಳುವುದು ಒಂದೇ ವಿಷಯ: ಜಾಗ ಬದಲಿಸಬೇಡಿ, ಆ ಜಾಗದಲ್ಲೇ ಏನಾದರೊಂದು ಬದಲಾಗಲಿ.

ಕಳೆದ ವರ್ಷ ಒಂದು ತಂಡದ ಹುಡುಗರು ನನ್ನ ಹತ್ತಿರ ಬಂದರು. ಗುಮಟೆ, ಗಿಟಾರ್, ಬಾಸ್, ಇಬ್ಬರು ಹಾಡುವವರು. ಗುಮಟೆ ಬಾರಿಸುವವರು ಅಂಕೋಲಾ ಕಡೆಯ ಹಾಲಕ್ಕಿ ಗೌಡರು, ವಯಸ್ಸಾದವರು. ಹುಡುಗರು ಬರೆದು ತಂದ ಟ್ರೀಟ್‌ಮೆಂಟಿನಲ್ಲಿ ಯಾಣ ಇತ್ತು, ಮಿರ್ಜಾನ್ ಕೋಟೆ ಇತ್ತು, ಮುರ್ಡೇಶ್ವರದ ಮೇಲೆ ಡ್ರೋನ್ ಇತ್ತು. ದುಡ್ಡು ಮಾತ್ರ ಹದಿನೈದು ಸಾವಿರ! ಬರೀ ವ್ಯಾನಿನ ಬಾಡಿಗೆಗೇ ಅದು ಮುಗಿಯುತ್ತದೆ ಅಲ್ವಾ? ಎಲ್ಲ ಹೊಡೆದುಹಾಕಿ ಅಂದೆ. ಮುಖ ಸಣ್ಣ ಮಾಡಿಕೊಂಡರು.

ಅವರ ಹಾಡು ನದಿಯಲ್ಲಿ ಬಳಚು ಹೆಕ್ಕುವ ಹೆಂಗಸರದ್ದು. ಅಘನಾಶಿನಿಯಲ್ಲಿ ನೀರು ಇಳಿದಾಗ ಹೆಂಗಸರು ಮರಳಿಗಿಳಿದು ಬಳಚು ಹೆಕ್ಕುವುದನ್ನು ನೀವು ನೋಡಿರುತ್ತೀರಿ. ನೀರು ಏರತೊಡಗಿದರೆ ಕೆಲಸ ನಿಲ್ಲಿಸಿ ಏಳಬೇಕು. ಅಂದ ಮೇಲೆ ವಿಡಿಯೋಕ್ಕೆ ಬೇಕಾದ ಕಥೆ ಹಾಡಿನಲ್ಲೇ ಇದೆಯಲ್ಲ! ಹೊಸ ಪುಟದಲ್ಲಿ ಹೀಗೆ ಬರೆದೆವು: ‘ಇಳಿತದ ಹೊತ್ತು. ಒಣ ಮರಳಿನ ಮೇಲೆ ಐವರು ಸಾಲಾಗಿ ನಿಂತಿದ್ದಾರೆ. ಪ್ರತಿ ನುಡಿಗೂ ನೀರು ಒಂದಿಷ್ಟು ಮೇಲೆ ಬರುತ್ತದೆ. ಯಾರೂ ಕದಲುವುದಿಲ್ಲ. ಕೊನೆಯ ನುಡಿಗೆ ಮೊಣಕಾಲ ತನಕ ನೀರು.’

ಮಾಡುವ ಕ್ರಮ ಸರಳ. ಮೊಬೈಲನ್ನು ಟ್ರೈಪಾಡ್ ಮೇಲೆ ಒಂದೇ ಕಡೆ ನಿಲ್ಲಿಸಿ. ಮಧ್ಯಾಹ್ನ ಮೂರೂವರೆಗೆ ಇಡೀ ಹಾಡನ್ನು ಒಮ್ಮೆ ಚಿತ್ರೀಕರಿಸಿ. ನೀರು ಏರಿದ ಹಾಗೆ ಮತ್ತೆ ಇಡೀ ಹಾಡು, ಮತ್ತೆ ಇಡೀ ಹಾಡು. ಸೂರ್ಯ ಮುಳುಗುವುದರೊಳಗೆ ಐದು ಸಲ ಆಗುತ್ತದೆ. ಎಡಿಟಿಂಗಿನಲ್ಲಿ ಪಲ್ಲವಿಗೆ ಮೊದಲನೆಯದನ್ನು ತೆಗೆದುಕೊಳ್ಳಿ, ಮೊದಲ ನುಡಿಗೆ ಎರಡನೆಯದನ್ನು, ಹಾಗೇ ಮುಂದೆ. ಚೌಕಟ್ಟು ಅದೇ, ಜನ ಅವರೇ, ನೀರು ಮಾತ್ರ ಜಿಗಿಯುತ್ತದೆ.

ದಿನ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಹುಣ್ಣಿಮೆ, ಅಮಾವಾಸ್ಯೆಗೆ ನಮ್ಮ ಕರಾವಳಿಯಲ್ಲಿ ಹೆಚ್ಚುಕಮ್ಮಿ ನಡುಮಧ್ಯಾಹ್ನಕ್ಕೆ ಭರತ, ಸಂಜೆಗೆ ಇಳಿತ. ಆ ದಿನ ಹೋದರೆ ನೀರು ನಿಮ್ಮ ಕಣ್ಣೆದುರೇ ಇಳಿದುಹೋಗುತ್ತದೆ, ಕಥೆ ಉಲ್ಟಾ. ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಂದರೆ ಮೂರು ದಿನ ಮೊದಲು, ದ್ವಾದಶಿಯ ಆಸುಪಾಸಿಗೆ, ಇಳಿತ ಮಧ್ಯಾಹ್ನ ಮೂರರ ಹೊತ್ತಿಗೆ ಬರುತ್ತದೆ. ನೀರು ಏರುವುದು, ಬೆಳಕು ಇಳಿಯುವುದು ಎರಡೂ ಒಟ್ಟಿಗೇ ಸಿಗುತ್ತವೆ. ಅಳಿವೆಯ ಒಳಗೆ ಹೋದ ಹಾಗೆ ಹೊತ್ತು ಸ್ವಲ್ಪ ಹಿಂದುಮುಂದಾಗುತ್ತದೆ, ಅಲ್ಲಿಯ ದೋಣಿಯವರನ್ನು ಕೇಳಿ. ಹಿಂದಿನ ದಿನ ಹೋಗಿ, ಮೊಣಕಾಲ ಎತ್ತರಕ್ಕೆ ಗುರುತು ಹಾಕಿದ ಒಂದು ಕೋಲನ್ನು ಮರಳಿಗೆ ನೆಟ್ಟು ಸಂಜೆಯ ತನಕ ನೋಡಿ. ಐದೂವರೆಯ ಹೊತ್ತಿಗೆ ನೀರು ಗುರುತು ಮುಟ್ಟುತ್ತದಾ? ಮರುದಿನ 50 ನಿಮಿಷ ತಡವಾಗಿ, ಆರೂಕಾಲರ ಆಸುಪಾಸಿಗೆ ಮುಟ್ಟುತ್ತದೆ. ಅದೇ ನಿಮ್ಮ ಜಾಗ. ಬೇಗ ಮುಟ್ಟಿದರೆ ದಡದ ಕಡೆ ನಾಲ್ಕು ಹೆಜ್ಜೆ ಬನ್ನಿ. ನದಿ ಸಮುದ್ರ ಸೇರುವ ಬಾಯಿಯ ಹತ್ತಿರ ಮಾತ್ರ ಬೇಡವೇ ಬೇಡ, ಅಲ್ಲಿ ಸೆಳೆತ ಜಾಸ್ತಿ.

ಇನ್ನು ಆ ಗೌಡರ ವಿಷಯ ಹೇಳಲೇಬೇಕು. ಇಂಥ ಚಿತ್ರೀಕರಣದಲ್ಲಿ ರೆಕಾರ್ಡ್ ಆದ ಹಾಡನ್ನು ಸ್ಪೀಕರಿನಲ್ಲಿ ಹಾಕುತ್ತಾರೆ, ಕಲಾವಿದರು ಅದಕ್ಕೆ ಸರಿಯಾಗಿ ಬಾಯಿ ಆಡಿಸುತ್ತಾರೆ, ಕೈ ಆಡಿಸುತ್ತಾರೆ. ಗೌಡರಿಗೆ ‘ಅಜ್ಜಾ, ಮೆಲ್ಲಗೆ ಬಡೀರಿ, ಶಬ್ದ ಬೇಡ’ ಅಂದರು ಹುಡುಗರು. ಅವರು ಗುಮಟೆ ಕೆಳಗಿಟ್ಟು ಕೇಳಿದರು, ‘ಶಬ್ದ ಬೇಡಾಂದ್ರೆ ನಾನ್ಯಾಕೆ ತಮ್ಮಾ?’ ಹುಡುಗರು ನನ್ನ ಮುಖ ನೋಡಿದರು. ಗೌಡರು ಹೇಳಿದ್ದು ಸರಿ ಅಂದೆ. ಗುಮಟೆ ಅಂದರೆ ಮಣ್ಣಿನ ಮಡಕೆ. ಒಂದು ಬಾಯಿಗೆ ಚರ್ಮ, ಇನ್ನೊಂದು ತೆರೆದಿರುತ್ತದೆ. ಬಲಗೈ ಚರ್ಮದ ಮೇಲೆ ಬಡಿಯುವಾಗ ಎಡ ಅಂಗೈ ಆ ತೆರೆದ ಬಾಯನ್ನು ಮುಚ್ಚಿ ತೆಗೆದು ನಾದ ಬದಲಿಸುತ್ತದೆ. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. ಈಗ ಅದು ಕಾನೂನಿಗೆ ವಿರುದ್ಧ, ಹಾಗಾಗಿ ಆಡಿನ ಚರ್ಮ. ಸುಮ್ನೆ ಕೈ ಆಡಿಸಿದರೆ ಆ ಎಡಗೈ ಸತ್ತುಹೋಗುತ್ತದೆ, ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಹಾಡುವವರ ತುಟಿ ಚೂರು ತಪ್ಪಿದರೆ ಜನ ಕ್ಷಮಿಸುತ್ತಾರೆ, ಬಡಿಯುವ ಕೈ ತಪ್ಪಿದರೆ ಕ್ಷಮಿಸುವುದಿಲ್ಲ.

ಗೌಡರು ನಿಜವಾಗಿ ಬಾರಿಸಿದರು. ಸ್ಪೀಕರ್ ಕೇಳಿಸದ ಹಾಗಾಯಿತು! ಕೊನೆಗೆ ಅವರ ರುಮಾಲಿನೊಳಗೆ ಒಂದು ಇಯರ್‌ಫೋನ್ ಸಿಕ್ಕಿಸಿದೆವು. ಹಾಡು ಅವರ ಕಿವಿಯಲ್ಲಿ, ಉಳಿದವರ ಕಣ್ಣು ಅವರ ಕೈ ಮೇಲೆ. ಕ್ಯಾಮೆರಾಕ್ಕೆ ಎದುರು ನೋಡಿಕೊಂಡು ನಿಲ್ಲುತ್ತಿದ್ದ ಹುಡುಗರು ಆಮೇಲೆ ಒಬ್ಬರನ್ನೊಬ್ಬರು ನೋಡುತ್ತಾ ಬಾರಿಸತೊಡಗಿದರು. ಆ ವಿಡಿಯೋದಲ್ಲಿ ಚೌಕಟ್ಟು ಬಿಟ್ಟು ಬೇರೆ ಇರುವುದು ಒಂದೇ ಶಾಟ್, ಗೌಡರ ಎಡ ಅಂಗೈ ಮಡಕೆಯ ಬಾಯಿ ಮೇಲೆ.

ಅಯ್ಯೋ, ಗಡಿಯಾರ ಓಡುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಸ್ಪೀಕರ್ ಇದ್ದರೆ ಅದು ಕಲಾವಿದರ ಕಾಲ ಬಳಿ ಇರಲಿ, ನೀರು ಬಂದಾಗ ಒಂದು ಸ್ಟೂಲ್ ಮೇಲೆ ಚೌಕಟ್ಟಿನ ಆಚೆ ಇಡಿ. ಕ್ಯಾಮೆರಾ ಪಕ್ಕ ಇಟ್ಟು, ಕಲಾವಿದರು 30 ಮೀಟರ್ ದೂರದಲ್ಲಿದ್ದರೆ, ಶಬ್ದ ಅವರಿಗೆ ಮುಟ್ಟುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತಡ. ಬಾಯಿಗೂ ಹಾಡಿಗೂ ತಾಳೆ ಆಗುವುದಿಲ್ಲ.

ಟ್ರೈಪಾಡ್ ಒಣ ದಡದ ಮೇಲಿರಲಿ, ಕಾಲಿನಡಿ ಹಲಗೆ ಇಡಿ, ಇಲ್ಲದಿದ್ದರೆ ಮರಳಿನಲ್ಲಿ ಕುಸಿಯುತ್ತದೆ. ಕ್ಯಾಮೆರಾ ಒಂದು ಬೆರಳಷ್ಟು ಅಲ್ಲಾಡಿದರೂ ಕಟ್ ಆಗುವಾಗ ಹಿಂದಿನ ಗುಡ್ಡ ಕುಣಿಯುತ್ತದೆ. ಮೊಬೈಲ್ ತೆರೆಯ ಮೇಲೆ ಆಚೆ ದಡದ ಒಂದು ತೆಂಗಿನಮರದ ತುದಿ ಎಲ್ಲಿದೆಯೋ ಅಲ್ಲಿ ಸಣ್ಣ ಸ್ಟಿಕರ್ ಅಂಟಿಸಿ, ಪ್ರತಿ ಸಲ ಶುರು ಮಾಡುವ ಮೊದಲು ನೋಡಿ. ಫೋಕಸ್, ವೈಟ್ ಬ್ಯಾಲೆನ್ಸ್ ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಸಂಜೆಯ ಕೆಂಪನ್ನು ಮೊಬೈಲ್ ತಾನೇ ತೊಳೆದು ಬಿಳಿ ಮಾಡಿಬಿಡುತ್ತದೆ. ಸೂರ್ಯ ಪಡುವಣಕ್ಕೆ, ನೀವು ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ ಕ್ಯಾಮೆರಾ ಇಡಿ. ಬೆಳಕು ಪಕ್ಕದಿಂದ ಬಿದ್ದರೆ ಮುಖ ಕಪ್ಪಾಗುವುದಿಲ್ಲ. ಬಟ್ಟೆ ಒಮ್ಮೆ ಒದ್ದೆಯಾದರೆ ಹಿಂದಿನ ನುಡಿಗೆ ವಾಪಸ್ ಹೋಗುವ ಹಾಗಿಲ್ಲ, ಹಾಗಾಗಿ ಒಣಗಿದ್ದಾಗಲೇ ಮೊದಲನೆಯದನ್ನು ಎರಡು ಸಲ ತೆಗೆದಿಡಿ.

ಡ್ರೋನ್ ಬಗ್ಗೆ ಕೇಳಬೇಡಿ. ಕಾರವಾರದಲ್ಲಿ ನೌಕಾನೆಲೆ ಇದೆ, ಅದರ ಆಸುಪಾಸು ಅನುಮತಿ ಇಲ್ಲದೆ ಹಾರಿಸಿದರೆ ಹಾಡು ಠಾಣೆಯಲ್ಲಿ ಮುಗಿಯುತ್ತದೆ. ಮೇಲಿಂದ ನೋಡಿದರೆ ನೀರು ಏರುವುದು ಕಾಣುವುದೂ ಇಲ್ಲ. ನಮಗೆ ಬೇಕಾದ್ದು ಅದೊಂದೇ ಬದಲಾವಣೆ ಅಲ್ವಾ?

ದುಡ್ಡು ಯಾವುದಕ್ಕೆ ಖರ್ಚು ಮಾಡಬೇಕು ಅಂದರೆ, ಮೊದಲು ಗೌಡರ ಸಂಭಾವನೆ ಮತ್ತು ಹಾಡು ಕಲಿಸಿದ ಹೆಂಗಸರ ಸಂಭಾವನೆ. ಆಮೇಲೆ ಊಟ, ದೋಣಿ, ಎಡಿಟಿಂಗ್. ಉಳಿದರೆ ಎಲ್ಲರಿಗೂ ಒಣ ಬಟ್ಟೆ, ಬಿಸಿ ಚಹಾ. ಹಾಡು ಕಲಿಸಿದವರ ಹೆಸರನ್ನು ವಿಡಿಯೋದ ಕೊನೆಯಲ್ಲಿ ಓದಲಾಗದಷ್ಟು ಸಣ್ಣಕ್ಷರದಲ್ಲಿ ಹಾಕಬೇಡಿ, ಮೊದಲೇ ಹಾಕಿ. ನಮಸ್ಕಾರ.