ಅಲ್ಯೂಮಿನಿಯಂ ಪಾಟ್‌ನಲ್ಲಿ ಇಂಗಾಲ ಯಾಕೆ ಸವೆಯುತ್ತದೆ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವರು. ಹಾಗಾಗಿ ಬಾಕ್ಸೈಟು, ಬೇಯರ್ ವಿಧಾನ ಅಂತ ಮೊದಲಿನಿಂದ ಶುರು ಮಾಡುವುದಿಲ್ಲ. ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನಿಂದ ವಿದ್ಯುತ್ ಹಾಯಿಸಿ ಲೋಹ ತೆಗೆಯುವ ತೊಟ್ಟಿಗೇ ಪಾಟ್ ಅನ್ನುವುದು, ಅದರ ಧನ ಧ್ರುವವಾದ ಆನೋಡ್ ಇಂಗಾಲದ್ದು. ಇವತ್ತು ನನ್ನ ತಕರಾರು ಇದರ ಬಗ್ಗೆ ಬರುವ ಒಂದೇ ಒಂದು ಉತ್ತರದ ಮೇಲೆ. ಮಕ್ಕಳು ಬರೆಯುತ್ತಾರಲ್ಲ, "ಆನೋಡಿನಲ್ಲಿ ಆಮ್ಲಜನಕ ಬಿಡುಗಡೆಯಾಗುತ್ತದೆ, ಆ ಬಿಸಿಗೆ ಅದು ಇಂಗಾಲವನ್ನು ಸುಡುತ್ತದೆ, ಆದ್ದರಿಂದ ಆನೋಡನ್ನು ಆಗಾಗ ಬದಲಾಯಿಸಬೇಕು" ಅಂತ. ನಾವು ಪೂರ್ತಿ ಅಂಕ ಕೊಡುತ್ತೇವೆ. ಕೊಡಬಾರದು ಅಂತ ನನ್ನ ವಾದ.

ಅದಕ್ಕೂ ಮೊದಲು, ಈ ವಿಧಾನ ಕಂಡುಹಿಡಿದ ಹಾಲ್ ಕಥೆ ಹೇಳಲೇಬೇಕು. ನನಗೆ ತುಂಬಾ ಇಷ್ಟದ ಕಥೆ ಇದು. ಚಾರ್ಲ್ಸ್ ಮಾರ್ಟಿನ್ ಹಾಲ್ ಅಮೆರಿಕದ ಓಹಾಯೋ ರಾಜ್ಯದ ಓಬರ್ಲಿನ್ ಊರಿನ ಹುಡುಗ. 1885ರಲ್ಲಿ ಡಿಗ್ರಿ ಮುಗಿಸಿದ. ಮನೆಯ ಹಿಂದಿನ ಸೌದೆ ಕೊಟ್ಟಿಗೆಯೇ ಅವನ ಪ್ರಯೋಗಶಾಲೆ. ಅಕ್ಕ ಜೂಲಿಯಾ ಕೂಡ ಕೆಮಿಸ್ಟ್ರಿ ಓದಿದವಳು, ಅವನ ಪ್ರಯೋಗಗಳನ್ನು ಹತ್ತಿರದಿಂದ ಕಂಡವಳು. ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯಲು ಹೊರಟ ಅವನ ಮುಂದಿದ್ದ ತೊಡಕು ನಿಮಗೆ ಗೊತ್ತೇ ಇದೆ. ಅಲ್ಯೂಮಿನಾ ಕರಗಬೇಕಾದರೆ 2,000 ಡಿಗ್ರಿ ದಾಟಬೇಕು. ಆ ಬಿಸಿ ತಡೆಯುವ ಪಾತ್ರೆ ಎಲ್ಲಿಂದ ತರುವುದು? ನೀರಿನಲ್ಲಿ ಲವಣ ಕರಗಿಸಿ ವಿದ್ಯುತ್ ಹಾಯಿಸಿದರೆ ಜಲಜನಕ ಬರುತ್ತದೆ, ಲೋಹ ಬರುವುದಿಲ್ಲ.

ಉಪ್ಪು ತಾನಾಗಿ ಕರಗಲು 800 ಡಿಗ್ರಿ ಬೇಕು, ಆದರೆ ತಣ್ಣೀರಿನಲ್ಲಿ ಸುಮ್ನೆ ಕರಗಿಹೋಗುತ್ತದೆ ಅಲ್ವಾ? ಅಲ್ಯೂಮಿನಾಕ್ಕೂ ಅಂಥದ್ದೊಂದು ದ್ರವ ಸಿಗಬೇಕಿತ್ತು. ಬೇರೆ ಬೇರೆ ಫ್ಲೋರೈಡುಗಳನ್ನು ನೋಡಿ, 1886ರ ಫೆಬ್ರವರಿಯಲ್ಲಿ ಅವನು ಕ್ರಯೋಲೈಟಿಗೆ ಬಂದ. ಸೋಡಿಯಂ, ಅಲ್ಯೂಮಿನಿಯಂ, ಫ್ಲೋರಿನ್ ಸೇರಿದ Na₃AlF₆. ಅದು ಸುಮಾರು 1,010 ಡಿಗ್ರಿಗೆ ಕರಗುತ್ತದೆ. ಅದರೊಳಗೆ ಅಲ್ಯೂಮಿನಾ ಹಾಕಿದ. ಕರಗಿತು!

ಬ್ಯಾಟರಿ ಜೋಡಿಸಿ ವಿದ್ಯುತ್ ಹಾಯಿಸಿದರೆ ಕ್ಯಾಥೋಡಿನ ಮೇಲೆ ಬಂದದ್ದು ಬೂದು ಬಣ್ಣದ ಪುಡಿ ಪುಡಿ ವಸ್ತು. ಬೇರೆಯವರಾದರೆ ಕ್ರಯೋಲೈಟನ್ನೇ ಬಿಟ್ಟುಬಿಡುತ್ತಿದ್ದರೋ ಏನೋ. ಹಾಲ್ ಅನುಮಾನಪಟ್ಟದ್ದು ಪಾತ್ರೆಯ ಮೇಲೆ. ಮಣ್ಣಿನ ಮೂಸೆಯಲ್ಲಿ ಸಿಲಿಕಾ ಇರುತ್ತದೆ. ಕಾದ ಕ್ರಯೋಲೈಟ್ ಅದನ್ನೂ ಕರಗಿಸಿಕೊಂಡು, ಸಿಲಿಕಾನ್ ಬಂದು ಕೂತಿತ್ತು. ಅವನು ಮೂಸೆಯ ಒಳಗೆ ಇಂಗಾಲದ ಅಸ್ತರಿ ಹಾಕಿದ. ಫೆಬ್ರವರಿ 23ರಂದು ಬೆಳ್ಳಿಯಂತೆ ಹೊಳೆಯುವ ಪುಟ್ಟ ಗುಂಡುಗಳು ಸಿಕ್ಕವು. ಅದೇ ವರ್ಷ ಫ್ರಾನ್ಸಿನಲ್ಲಿ ಪಾಲ್ ಹೆರೂಲ್ ಕೂಡ ಇದನ್ನೇ ಕಂಡುಹಿಡಿದು ಪೇಟೆಂಟ್ ಪಡೆದ. ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ. ಈ ಹೊಂದಿಕೆ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಇಂದಿಗೂ ಪಾಟ್‌ಗೆ ಇಂಗಾಲದ್ದೇ ಅಸ್ತರಿ.

ಈಗ ಕಾರ್ಖಾನೆಯ ಪಾಟ್‌ ಒಳಗೆ ಬನ್ನಿ. ತಳದಲ್ಲಿ ಕರಗಿದ ಅಲ್ಯೂಮಿನಿಯಂ. ಅದರ ಮೇಲೆ ಸುಮಾರು 960 ಡಿಗ್ರಿಯ ಕ್ರಯೋಲೈಟ್ ದ್ರವ. ಪಾಟ್‌ ರೂಮಿನಲ್ಲಿ ಇದಕ್ಕೆ ಬಾತ್ ಅಂತಾರೆ. ಅಲ್ಯೂಮಿನಿಯಂ ಫ್ಲೋರೈಡ್ ಬೆರೆಸುವುದರಿಂದ ಕರಗುವ ಬಿಸಿ ಇಷ್ಟು ಇಳಿಯುತ್ತದೆ. ಅಲ್ಯೂಮಿನಾ ಅದರಲ್ಲಿ ನೂರಕ್ಕೆ ಎರಡರಿಂದ ಐದು ಪಾಲು ಮಾತ್ರ. ಮೇಲಿನಿಂದ ಇಂಗಾಲದ ದೊಡ್ಡ ದಿಮ್ಮಿಗಳು, ಅಂದರೆ ಆನೋಡುಗಳು, ಬಾತ್‌ಗೆ ಇಳಿಬಿದ್ದಿರುತ್ತವೆ. ದಿಮ್ಮಿಯ ತಳಕ್ಕೂ ಲೋಹಕ್ಕೂ ನಡುವೆ ನಾಲ್ಕೈದು ಸೆಂಟಿಮೀಟರ್. ವೋಲ್ಟೇಜ್ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ, ಕರೆಂಟ್ ಮಾತ್ರ ಲಕ್ಷಗಟ್ಟಲೆ ಆಂಪಿಯರ್. ದಿಮ್ಮಿ ತಳದಿಂದ ಸವೆದಂತೆ ಅದನ್ನು ಇಳಿಸುತ್ತಾ ಬರಬೇಕು. ಮೂರ್ನಾಲ್ಕು ವಾರಕ್ಕೆ ಉಳಿದ ತುಂಡನ್ನು ಎತ್ತಿ ಹೊಸದನ್ನು ಇಡುತ್ತಾರೆ. ಆ ತುಂಡಿಗೆ ಬಟ್ ಅನ್ನುತ್ತಾರೆ. ಅದನ್ನು ಪುಡಿ ಮಾಡಿ, ಪೆಟ್ರೋಲಿಯಂ ಕೋಕ್ ಮತ್ತು ಡಾಂಬರಿನ ಪಿಚ್ ಜೊತೆ ಸೇರಿಸಿ ಮತ್ತೆ ಹೊಸ ಆನೋಡ್ ಬೇಯಿಸುತ್ತಾರೆ.

ಯಾಕೆ ಸವೆಯುತ್ತದೆ? ನಮ್ಮ ಉತ್ತರ ಪತ್ರಿಕೆಯ ಮಾತು ನಿಜವಾದರೆ, ಅಂದರೆ ಮೊದಲು ಆಮ್ಲಜನಕ ಅನಿಲ ಹುಟ್ಟಿ ಆಮೇಲೆ ಇಂಗಾಲ ಉರಿಯುವುದಾದರೆ, ಆಮ್ಲಜನಕವನ್ನು ಬಿಡಿಸಲು ಬೇಕಾದ ಪೂರ್ತಿ ವೋಲ್ಟೇಜ್ ಕೊಡಲೇಬೇಕು. 960 ಡಿಗ್ರಿಯಲ್ಲಿ ಅದು ಕನಿಷ್ಠ 2.2 ವೋಲ್ಟ್. ಇಂಗಾಲ ನಂತರ ಉರಿದರೆ ಬಿಸಿ ಬರಬಹುದು, ವೋಲ್ಟೇಜ್ ಉಳಿಯುವುದಿಲ್ಲ. ಆದರೆ ಇಂಗಾಲದ ಆನೋಡ್ ಇದ್ದಾಗ ಕನಿಷ್ಠ ಬೇಕಾಗುವುದು ಸುಮಾರು 1.2 ವೋಲ್ಟ್. ಆನೋಡಿನ ಮೇಲೆ ಬೀಳುವ ಹೆಚ್ಚುವರಿ ವೋಲ್ಟೇಜ್ ಸೇರಿಸಿದರೂ 1.7ರ ಹತ್ತಿರ. 2.2 ಮುಟ್ಟುವುದೇ ಇಲ್ಲ. ಅಂದಮೇಲೆ ಆಮ್ಲಜನಕ ಅನಿಲ ಅಲ್ಲಿ ಹುಟ್ಟುತ್ತಲೇ ಇಲ್ಲ. ಬಾತ್‌ನಲ್ಲಿ ಫ್ಲೋರೈಡ್ ಜೊತೆ ಅಂಟಿಕೊಂಡಿರುವ ಆಕ್ಸೈಡ್, ನೇರವಾಗಿ ಇಂಗಾಲದ ಮೇಲ್ಮೈಯಲ್ಲೇ ಎಲೆಕ್ಟ್ರಾನ್ ಬಿಟ್ಟು ಇಂಗಾಲದ ಜೊತೆ ಸೇರುತ್ತದೆ. ಇಂಗಾಲ ಇಲ್ಲಿ ಕಚ್ಚಾವಸ್ತು. ಸಮೀಕರಣವನ್ನು ಹೀಗೇ ಬರೆಸಿ:

2Al₂O₃ + 3C → 4Al + 3CO₂

ಬೋರ್ಡಿನ ಮೇಲೆ ಲೆಕ್ಕ ಹಾಕೋಣ. 36 ಪಾಲು ಇಂಗಾಲಕ್ಕೆ 108 ಪಾಲು ಲೋಹ. ಒಂದು ಟನ್ ಅಲ್ಯೂಮಿನಿಯಂಗೆ 333 ಕಿಲೋ ಇಂಗಾಲ. ಅನಿಲ CO₂ ಅಲ್ಲ, CO ಆಗಿದ್ದರೆ ಇದರ ಎರಡು ಪಟ್ಟು, 667 ಕಿಲೋ ಬೇಕಿತ್ತು. ಇದನ್ನು ಯಾಕೆ ಹೇಳಿದೆ ಅಂದರೆ, ಆ ಬಿಸಿಯಲ್ಲಿ ಉಷ್ಣಗತಿಶಾಸ್ತ್ರದ ಒಲವು CO ಕಡೆಗೆ. ಆದರೆ ಒಳ್ಳೆಯ ಪಾಟ್‌ಗಳಲ್ಲಿ ನಿಜವಾಗಿ ಖರ್ಚಾಗುವುದು 400 ಕಿಲೋ ಆಸುಪಾಸು. 667ಕ್ಕಿಂತ ಎಷ್ಟು ಕಡಿಮೆ ನೋಡಿ! ಮೇಲ್ಮೈಯಲ್ಲಿ ಮೊದಲು ಹುಟ್ಟುವುದು CO₂ ಅಂತ ತೂಕವೇ ಹೇಳುತ್ತದೆ.

333ರ ಮೇಲಿನ ಆ ಅರವತ್ತು ಚಿಲ್ಲರೆ ಕಿಲೋ ಎಲ್ಲಿಗೆ ಹೋಯಿತು? ಇಲ್ಲಿ ಮಾತ್ರ ಸುಡುವಿಕೆಯ ಮಾತು ಸರಿ. ದಿಮ್ಮಿಯ ಮೇಲ್ಭಾಗಕ್ಕೆ ಗಾಳಿ ತಾಗಿದರೆ ಉರಿಯುತ್ತದೆ. ಅದಕ್ಕೇ ಅದರ ಮೇಲೆ ಅಲ್ಯೂಮಿನಾ ಮತ್ತು ಪುಡಿ ಮಾಡಿದ ಬಾತ್ ಹೊದಿಸುತ್ತಾರೆ. ಮತ್ತೆ ಹುಟ್ಟಿದ CO₂ ಇಂಗಾಲದ ರಂಧ್ರಗಳಿಗೆ ನುಗ್ಗಿ CO ಆಗುತ್ತದೆ. ಪಿಚ್ ಸುಟ್ಟ ಭಾಗ ಬೇಗ ತಿಂದುಹೋದರೆ ಕೋಕಿನ ಕಣಗಳು ಉದುರಿ ಬಾತ್‌ ಮೇಲೆ ಕಪ್ಪು ಪುಡಿ ತೇಲುತ್ತದೆ. ಪುಡಿ ತೇಲಿದರೆ ಆನೋಡ್ ಸರಿಯಾಗಿ ಬೆಂದಿಲ್ಲ ಅಂತ ಅನುಮಾನಪಡಬೇಕು.

ಅಲ್ಯೂಮಿನಾ ಕಡಿಮೆಯಾದರೆ ಇನ್ನೊಂದು ತೊಂದರೆ. ನೂರಕ್ಕೆ ಎರಡು ಪಾಲಿಗಿಂತ ಕೆಳಗಿಳಿದಾಗ ಆಕ್ಸೈಡ್ ಸಾಲದೆ ಫ್ಲೋರೈಡೇ ಇಂಗಾಲವನ್ನು ಹಿಡಿಯುತ್ತದೆ. CF₄ ಅನಿಲ ಹುಟ್ಟುತ್ತದೆ, ಆನೋಡಿನ ತಳಕ್ಕೆ ಅನಿಲದ ಪದರ ಕಟ್ಟುತ್ತದೆ, ವೋಲ್ಟೇಜ್ ನಾಲ್ಕರಿಂದ ಮೂವತ್ತಕ್ಕೂ ಮೇಲೆ ಜಿಗಿಯುತ್ತದೆ. ಇದೇ ಆನೋಡ್ ಎಫೆಕ್ಟ್. ಹಳೆಯ ಕಾಲದಲ್ಲಿ ಪ್ರತಿ ಪಾಟ್‌ಗೂ ಒಂದು ಬಲ್ಬ್ ಕಟ್ಟಿರುತ್ತಿದ್ದರು. ಅದು ಝಗ್ಗನೆ ಹತ್ತಿಕೊಂಡರೆ ಕೆಲಸದವರು ಓಡಿ ಬಂದು, ಮೇಲಿನ ಗಟ್ಟಿ ಪದರ ಒಡೆದು ಅಲ್ಯೂಮಿನಾ ಸುರಿದು, ಹಸಿ ಮರದ ಕಂಬವನ್ನು ಬಾತ್‌ನೊಳಗೆ ತುರುಕುತ್ತಿದ್ದರು. ಮರದಿಂದ ಉಕ್ಕುವ ಹಬೆ ಆ ಅನಿಲದ ಪದರವನ್ನು ಕಲಕಿ ಬಿಡಿಸುತ್ತಿತ್ತು.

ಗಂಟೆ ಹೊಡೀತಾ ಇದ್ದಾರೆ. ಮುಗಿಸುತ್ತೇನೆ. ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯ ಬಗ್ಗೆ ಹೇಳಬೇಕು ಅಂತಿದ್ದೆ, ಅದನ್ನು ಬಿಡುತ್ತೇನೆ. ಸವೆಯದ ಆನೋಡಿನ ಬಗ್ಗೆ ಚೀಟಿ ಬಂದಿದೆ, ಅದಕ್ಕಷ್ಟೇ ಉತ್ತರ. ಹೌದು, ಪ್ರಯತ್ನ ನಡೆದಿದೆ. 2018ರಲ್ಲಿ ಆಲ್ಕೋವಾ ಮತ್ತು ರಿಯೋ ಟಿಂಟೋ ಸೇರಿ ಇದಕ್ಕೆಂದೇ ಎಲಿಸಿಸ್ ಕಂಪನಿ ಶುರು ಮಾಡಿದವು. ಅಲ್ಲಿ ಆನೋಡಿನಿಂದ ನಿಜವಾಗಿಯೂ ಆಮ್ಲಜನಕ ಬರುತ್ತದೆ. ಆದರೆ ನನ್ನ ಹಳೇ ವಾದ ಮತ್ತೆ ಬಂತು ನೋಡಿ: ಇಂಗಾಲ ಕೊಡುತ್ತಿದ್ದ ಆ ಒಂದು ವೋಲ್ಟನ್ನು ಈಗ ಕರೆಂಟಿನಿಂದ ತುಂಬಬೇಕು. ಒಂದು ವೋಲ್ಟ್ ಅಂದರೆ ಟನ್ನಿಗೆ ಸುಮಾರು 3,000 ಯೂನಿಟ್. ಆ ಕರೆಂಟ್ ಕಲ್ಲಿದ್ದಲಿನದ್ದಾದರೆ ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕಿಲೋ CO₂, ಒಟ್ಟು ಮೂರು ಟನ್ನಿನಷ್ಟು. ಆನೋಡ್ ಸವೆದು ಬರುತ್ತಿದ್ದುದು ಒಂದೂವರೆ ಟನ್ ಮಾತ್ರ. ಜಲವಿದ್ಯುತ್ ಇರುವ ಕಡೆ ಲೆಕ್ಕ ಲಾಭಕ್ಕೆ ತಿರುಗುತ್ತದೆ. ಬೇರೆ ಕಡೆ ವೋಲ್ಟೇಜನ್ನು ಇನ್ನೆಲ್ಲಾದರೂ ಉಳಿಸಬೇಕು. ಅದಕ್ಕೆ ದಾರಿಯಿದೆ: ಸವೆಯದ ಆನೋಡ್ ಆಕಾರ ಕಳೆದುಕೊಳ್ಳುವುದಿಲ್ಲವಾದ್ದರಿಂದ, ಆ ನಾಲ್ಕೈದು ಸೆಂಟಿಮೀಟರ್ ಅಂತರವನ್ನು ಇನ್ನೂ ಕಿರಿದು ಮಾಡಬಹುದು.