ಕಾವು ಕಳಚಿದ ಕೊಡಲಿ

ಕೇಳುಗರಿಗೆ ನಮಸ್ಕಾರ. ಸೌದೆ ಕಡಿಯುವವನ ಕೊಡಲಿ ನೀರಿಗೆ ಬಿದ್ದ ಕಥೆ ಎಲ್ಲರಿಗೂ ಗೊತ್ತು. ಈಸೋಪನ ಹೆಸರಿನಲ್ಲಿ ಬಂದಿರುವ ಗ್ರೀಕ್ ಕಥೆಯಲ್ಲಿ ನೀರಿಗೆ ಇಳಿಯುವವನು ಹರ್ಮಿಸ್ ದೇವರು, ನಮ್ಮಲ್ಲಿ ಆ ಕೆಲಸ ವನದೇವತೆಯದು. ಮಕ್ಕಳಿಗೆ ಹೇಳುವಾಗ ಈ ಕಥೆ ಕೆಲವು ಕಡೆ ಸಡಿಲವಾಗುತ್ತದೆ. ಬಿಗಿ ಮಾಡಿಕೊಂಡು ಹೇಳೋಣ.

ಕೊಡಲಿ ಬಿದ್ದದ್ದೇಕೆ? ‘ಕೈ ಜಾರಿತು’ ಎಂದರೆ ಮಕ್ಕಳ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಹೀಗೆ ಹೇಳಿ: ಬೇಸಿಗೆಯಲ್ಲಿ ತಿಮ್ಮನ ಕೊಡಲಿಯ ಕಾವು ಒಣಗಿ ಕುಗ್ಗಿತ್ತು, ತುದಿಗೆ ಬಡಿದಿದ್ದ ಬೆಣೆ ಉದುರಿತ್ತು. ಹೊಸ ಬೆಣೆ ಹೊಡೆಯುವ ಬದಲು ಬೆಳಿಗ್ಗೆ ನೀರಲ್ಲಿ ನೆನೆಸಿದ. ಮರ ಉಬ್ಬಿ ಬಿಗಿಯಾಯಿತು, ಬಿಸಿಲೇರಿ ಒಣಗಿದಾಗ ಮೊದಲಿಗಿಂತ ಸಡಿಲವಾಯಿತು. ಹೊಳೆದಂಡೆಯ ಮರಕ್ಕೆ ಬೀಸಿದಾಗ ಕಬ್ಬಿಣ ಕಳಚಿ ಮಡುವಿಗೆ ಬಿತ್ತು. ಕೈಯಲ್ಲಿ ಉಳಿದದ್ದು ಬರೀ ಕಾವು. ಆ ಕಬ್ಬಿಣದ ಅಂಚಿನಲ್ಲಿ, ಕಲ್ಲಿಗೆ ತಾಗಿ ಆದ ಒಂದು ಮುಕ್ಕು ಇತ್ತೆಂದು ಈಗಲೇ ಹೇಳಿಬಿಡಿ.

ದೇವತೆ ಮೊದಲು ಚಿನ್ನದ್ದನ್ನು ತಂದಳು.

“ಇದು ನಿನ್ನದೇನಪ್ಪಾ?”

“ಅಲ್ಲ ತಾಯಿ.”

ಇಲ್ಲಿ ತಿಮ್ಮನ ಮಾತು ಇಷ್ಟೇ ಇರಲಿ. ‘ನನ್ನದು ಕಬ್ಬಿಣದ್ದು’ ಎಂದು ಸೇರಿಸಿದರೆ ಬೆಳ್ಳಿಯದನ್ನು ತಂದು ಕೇಳುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಅವನಿಗೆ ಆಸೆಯಾಗದೆ ಇರಲಿಲ್ಲ. ಒಂದೂವರೆ ಕಿಲೋ ತೂಗುವ ಕಬ್ಬಿಣದ ಅಳತೆಯಲ್ಲೇ ಚಿನ್ನ ಎರಕ ಹೊಯ್ದರೆ ಮೂರೂವರೆ ಕಿಲೋ ದಾಟುತ್ತದೆ. ಸೌದೆ ಕಡಿಯಲು ಬಾರದು, ಅಂಚು ಮಡಚುತ್ತದೆ. ಮಾರಿದರೆ ಮಾತ್ರ ಜೀವನವಿಡೀ ಕೂತು ಉಣ್ಣಬಹುದು. ಇದನ್ನು ಹೇಳದಿದ್ದರೆ ಅವನು ‘ಅಲ್ಲ’ ಎಂದದ್ದರ ಬೆಲೆ ಮಗುವಿಗೆ ತಿಳಿಯುವುದಿಲ್ಲ.

ಬೆಳ್ಳಿಯದಕ್ಕೂ “ಅಲ್ಲ ತಾಯಿ” ಎಂದ. ಮೂರನೆಯ ಸಲ ದೇವತೆ ತಂದದ್ದರಲ್ಲಿ ಮುಕ್ಕು ಕಂಡಿತು. ತಿಮ್ಮ ಕಾವನ್ನು ತೂರಿಸಿ ನೋಡಿದ, ಸರಿಯಾಗಿ ಕೂತಿತು. “ಇದೇ ತಾಯಿ, ನನ್ನದು!” ದೇವತೆ ಮೂರನ್ನೂ ಕೊಟ್ಟಳು.

ಹಲವರು ಕಥೆಯನ್ನು ಇಲ್ಲಿಗೇ ಮುಗಿಸುತ್ತಾರೆ. ಆಗ ನಿಜ ಹೇಳುವುದು ಚಿನ್ನ ಸಿಗುವ ಉಪಾಯವೆಂದು ಮಗು ತಿಳಿಯುತ್ತದೆ. ಗ್ರೀಕ್ ಕಥೆ ಮುಂದುವರಿಯುತ್ತದೆ: ಸುದ್ದಿ ಕೇಳಿದ ಇನ್ನೊಬ್ಬ ತನ್ನ ಕೊಡಲಿಯನ್ನು ಬೇಕೆಂದೇ ನೀರಿಗೆಸೆದು ಅತ್ತ. ಚಿನ್ನದ್ದನ್ನು ತೋರಿಸಿದ್ದೇ ತಡ, “ನಂದೇ!” ಎಂದ. ಚಿನ್ನವೂ ಸಿಗಲಿಲ್ಲ, ಎಸೆದ ಕೊಡಲಿಯೂ ಮೇಲೆ ಬರಲಿಲ್ಲ. ಮೂಲದಲ್ಲಿ ನೀತಿ ಬರುವುದು ಇಬ್ಬರ ಕಥೆಯೂ ಮುಗಿದ ಮೇಲೆ: ನ್ಯಾಯವಂತರಿಗೆ ದೈವ ಎಷ್ಟು ಒತ್ತಾಸೆಯೋ, ಅನ್ಯಾಯಗಾರರಿಗೆ ಅಷ್ಟೇ ಎದುರಾಳಿ.